ಓಡಾಡಿದ್ದೂ ನಿಜ, ಬೆಳಿಗ್ಗೆ ನೆನಪಿಲ್ಲದ್ದೂ ನಿಜ

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ, ತೂಕ 60 ಕೆ.ಜಿ. ಹೋದ ವಾರ ನೆಂಟರ ಮನೆಯ ಆರತಕ್ಷತೆಗೆ ಹೋಗುವ ಮುಂಚೆ ಗೆಳೆಯರ ಜೊತೆ ಕೂತು ಒಂದೂವರೆ ಕ್ವಾರ್ಟರ್ ವಿಸ್ಕಿ ಕುಡಿದಿದ್ದಾನೆ. ರಾತ್ರಿ ಎಂಟಕ್ಕೆ ಶುರು ಮಾಡಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿದರಂತೆ. ಮಧ್ಯಾಹ್ನದ ಊಟ ಆದ ಮೇಲೆ ಏನೂ ತಿಂದಿರಲಿಲ್ಲ. ಛತ್ರದಲ್ಲಿ ಎಲ್ಲರನ್ನೂ ಮಾತಾಡಿಸಿದ, ಫೋಟೋಗೆ ನಿಂತ, ಗೆಳೆಯನ ಬೈಕಿನಲ್ಲಿ ಹಿಂದೆ ಕೂತು ಮನೆಗೆ ಬಂದ, ಅಪ್ಪನ ಜೊತೆ ಜೋರು ಜಗಳ ಆಡಿ ಹನ್ನೆರಡಕ್ಕೆ ಮಲಗಿದ. ಬೆಳಿಗ್ಗೆ ಕೇಳಿದರೆ ಫೋಟೋ ತೆಗೆಸಿಕೊಂಡದ್ದು ಬಿಟ್ಟು ಏನೂ ನೆನಪಿಲ್ಲ ಅಂತಾನೆ. ಎಚ್ಚರ ಇದ್ದವನಿಗೆ ನೆನಪಿಲ್ಲದೆ ಇರುತ್ತದಾ? ನಾಟಕ ಆಡ್ತಿದ್ದಾನಾ? ಆ ನೆನಪು ಮುಂದೆ ಯಾವಾಗಲಾದರೂ ಬರುತ್ತದಾ?

ಉತ್ತರ: ನೀವು ಬರೆದಿರುವ ವಿವರಗಳನ್ನು ನೋಡಿದರೆ ನಾಟಕ ಎನ್ನಲು ಕಾರಣ ಕಾಣುವುದಿಲ್ಲ. ಕುಡಿದ ಪ್ರಮಾಣ, ಕುಡಿದ ವೇಗ, ಖಾಲಿ ಹೊಟ್ಟೆ, ನಡುವೆ ಒಂದೇ ಒಂದು ತುಣುಕು ಉಳಿದಿರುವುದು, ಇವೆಲ್ಲ ಮದ್ಯದಿಂದ ಆಗುವ ಬ್ಲ್ಯಾಕೌಟ್‌ಗೆ ಸರಿಯಾಗಿ ಹೊಂದುತ್ತವೆ. ಫೋಟೋದ ಸುತ್ತಮುತ್ತಲಿನ ಇನ್ನೊಂದೆರಡು ತುಣುಕು ಮುಂದೆ ನೆನಪಾಗಬಹುದು. ಜಗಳದ್ದು ಬರುವ ಸಾಧ್ಯತೆ ಬಹಳ ಕಡಿಮೆ, ಏಕೆಂದರೆ ಅದು ಮಿದುಳಿನಲ್ಲಿ ದಾಖಲಾಗಿರುವುದೇ ಅನುಮಾನ.

ಮೊದಲು ಒಂದು ಗೊಂದಲ ಬಿಡಿಸೋಣ. ಕುಡಿದು ಎಚ್ಚರ ತಪ್ಪಿ ಬೀಳುವುದು ಬೇರೆ, ಬ್ಲ್ಯಾಕೌಟ್ ಬೇರೆ. ಎಚ್ಚರ ತಪ್ಪಿದವನು ಮಾತಾಡುವುದಿಲ್ಲ, ಕರೆದರೆ ಓಗೊಡುವುದಿಲ್ಲ. ಬ್ಲ್ಯಾಕೌಟ್‌ನಲ್ಲಿ ಇರುವವನು ಎದುರಿಗಿದ್ದವರನ್ನು ಗುರುತಿಸುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ದುಡ್ಡು ಎಣಿಸುತ್ತಾನೆ, ಮನೆಯ ದಾರಿ ಹೇಳುತ್ತಾನೆ. ಆ ಹೊತ್ತಿನಲ್ಲಿ ಅವನಿಗೆ ಎಲ್ಲವೂ ಗೊತ್ತಾಗುತ್ತಿರುತ್ತದೆ. ಗೊತ್ತಾದದ್ದು ಉಳಿಯುವುದಿಲ್ಲ, ಅಷ್ಟೇ. ಹಾಗಾಗಿ ಪಕ್ಕದಲ್ಲಿ ಇದ್ದವರಿಗೂ ಅನುಮಾನ ಬರುವುದಿಲ್ಲ. ಅವನಿಗೆ ಕೂಡ ಆಗ ಏನೂ ತಪ್ಪಿದಂತೆ ಅನಿಸುವುದಿಲ್ಲ.

ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ನೆನಪು ಒಂದೇ ವಸ್ತು ಅಲ್ಲ ಎನ್ನುವುದನ್ನು ಒಪ್ಪಿಕೊಂಡು ಮುಂದೆ ಹೋಗಬೇಕು. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದವರೆಗೆ ವಿಷಯವನ್ನು ತಲೆಯಲ್ಲಿ ಹಿಡಿದುಕೊಂಡು ಮಾತು ಮುಂದುವರಿಸುವ ಶಕ್ತಿ ಒಂದು. ನಡೆದ ಸಂಗತಿಯನ್ನು ಯಾವಾಗ, ಎಲ್ಲಿ, ಯಾರ ಜೊತೆ ಎನ್ನುವುದರ ಸಮೇತ ಹೆಣೆದು ಗಂಟೆಗಟ್ಟಲೆ, ವರ್ಷಗಟ್ಟಲೆ ಉಳಿಸುವ ಶಕ್ತಿ ಇನ್ನೊಂದು. ಕಿರಾಣಿ ಅಂಗಡಿಯಲ್ಲಿ ಲೆಕ್ಕವನ್ನು ಮೊದಲು ಸ್ಲೇಟಿನ ಮೇಲೆ ಗೀಚಿ ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುತ್ತಾರಲ್ಲ, ಹಾಗೆ. ನಿಮ್ಮ ತಮ್ಮನ ಸ್ಲೇಟು ಆ ರಾತ್ರಿ ಕೆಲಸ ಮಾಡುತ್ತಲೇ ಇತ್ತು. ಪುಸ್ತಕಕ್ಕೆ ಏರಿಸುವ ಕೆಲಸ ನಿಂತಿತ್ತು.

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಗುಡ್ವಿನ್ ಎಂಬ ಮನೋವೈದ್ಯರು ಇದನ್ನು ಕಣ್ಣೆದುರಿಗೇ ಪರೀಕ್ಷಿಸಿದರು. 1970ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 10 ಮಂದಿ ಗಂಡಸರಿಗೆ ಸುಮಾರು ನಾಲ್ಕು ಗಂಟೆಯ ಅವಧಿಯಲ್ಲಿ 16ರಿಂದ 18 ಔನ್ಸ್, ಅಂದರೆ ಹೆಚ್ಚುಕಡಿಮೆ ಅರ್ಧ ಲೀಟರ್ ಬರ್ಬನ್ ವಿಸ್ಕಿ ಕುಡಿಸಿ, ನಡುನಡುವೆ ಮರೆಯಲಾಗದಂಥ ಸಂಗತಿಗಳನ್ನು ಎದುರಿಗಿಟ್ಟರು. ಪರೀಕ್ಷಕರು ಕೈಯಲ್ಲಿ ಬಾಣಲೆ ಹಿಡಿದು ಬಂದು ‘ಹಸಿವಾಗಿದೆಯೇ’ ಎಂದು ಕೇಳಿ, ಇದರಲ್ಲಿ ಸತ್ತ ಇಲಿಗಳಿವೆ ಎಂದು ಹೇಳುವುದು ಅಂಥದ್ದರಲ್ಲಿ ಒಂದು. ಎರಡು ನಿಮಿಷ ಬಿಟ್ಟು ಕೇಳಿದರೆ ಎಲ್ಲರೂ ಸರಿಯಾಗಿ ಹೇಳಿದರು. ಅರ್ಧ ಗಂಟೆ ಬಿಟ್ಟು ಕೇಳಿದಾಗ ಅರ್ಧದಷ್ಟು ಜನರಿಗೆ ಅದರ ಸುಳಿವೇ ಇರಲಿಲ್ಲ. ಮರುದಿನ ಅಮಲು ಇಳಿದ ಮೇಲೂ ಅವರಿಗೆ ಅದು ನೆನಪಾಗಲಿಲ್ಲ.

ಈ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಎರಡು ನಿಮಿಷ ಮತ್ತು ಅರ್ಧ ಗಂಟೆಯ ನಡುವಿನ ಆ ಅಂತರ. ಬೆಳಿಗ್ಗೆ ಎದ್ದ ಮೇಲೆ ನೆನಪು ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ಅದು ರಾತ್ರಿಯೇ, ಕುಡಿದವನು ಇನ್ನೂ ಎದ್ದು ಓಡಾಡುತ್ತಿರುವಾಗಲೇ, ನಿಮಿಷ ನಿಮಿಷಕ್ಕೂ ಜಾರಿಹೋಗುತ್ತಿರುತ್ತದೆ. ನಿದ್ದೆಯಾಗಲಿ ಬೆಳಗಿನ ತಲೆನೋವಾಗಲಿ ಅದನ್ನು ಅಳಿಸಿದ್ದಲ್ಲ.

ಪುಸ್ತಕಕ್ಕೆ ಏರಿಸುವ ಆ ಕೆಲಸ ನಡೆಯುವುದು ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ. ಕಿವಿಯ ಮಟ್ಟದಲ್ಲಿ, ಎರಡೂ ಕಡೆ, ಮಿದುಳಿನ ಒಳಮಗ್ಗುಲಿಗೆ ಇದು ಇದೆ. ಇದರ ಕೆಲಸ ಏನೆಂದು ಲೋಕಕ್ಕೆ ತಿಳಿದದ್ದು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಯಿಂದ. ಮೂರ್ಛೆ ರೋಗ ಹತೋಟಿಗೆ ಬಾರದ ಕಾರಣ 1953ರಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ ಮಾಡಿ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಹೆಚ್ಚಿನ ಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಹೊಸ ಸಂಗತಿಗಳು ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಬುದ್ಧಿ ಚೆನ್ನಾಗಿತ್ತು, ಮಾತು ಚೆನ್ನಾಗಿತ್ತು, ಬಾಲ್ಯದ ನೆನಪುಗಳಿದ್ದವು. ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಚಿತ್ರದ ಗೆರೆ ತಿದ್ದುವ ಕಸರತ್ತನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತರು. ಆದರೆ ಪ್ರತಿ ದಿನವೂ ಅವರಿಗೆ ಅದು ಮೊದಲ ಸಲ ಮಾಡುತ್ತಿರುವಂತೆಯೇ ಇತ್ತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಇದನ್ನೆಲ್ಲ ವರ್ಷಗಟ್ಟಲೆ ದಾಖಲಿಸಿದರು.

ಬ್ಲ್ಯಾಕೌಟ್ ಆದವನ ಸ್ಥಿತಿ ಕೆಲವು ಗಂಟೆಗಳ ಮಟ್ಟಿಗೆ ಇದಕ್ಕೆ ಬಹಳ ಹತ್ತಿರ. ನಿಮ್ಮ ತಮ್ಮ ನೆಂಟರನ್ನು ಹೆಸರು ಹಿಡಿದು ಮಾತಾಡಿಸಿದ್ದು ಹಳೆಯ ನೆನಪಿನಿಂದ. ಅದು ಮಿದುಳಿನ ಹೊರಪದರದಲ್ಲಿ ಎಂದೋ ನೆಲೆಯಾಗಿದೆ, ಮದ್ಯ ಅದನ್ನು ಅಳಿಸುವುದಿಲ್ಲ. ಬೈಕಿನ ಹಿಂದೆ ಕೂತು ತಿರುವಿನಲ್ಲಿ ಮೈ ವಾಲಿಸಿದ್ದು ದೇಹಕ್ಕೆ ರೂಢಿಯಾದ ಕೌಶಲದಿಂದ. ಅದನ್ನು ನೋಡಿಕೊಳ್ಳುವ ಭಾಗಗಳು ಬೇರೆ. ಅಪ್ಪ ಅಂದ ಮಾತಿಗೆ ತಕ್ಷಣ ಎದುರಾಡಿದ್ದು ಆ ಸ್ಲೇಟಿನಂಥ ಕ್ಷಣಿಕ ನೆನಪಿನಿಂದ. ಹೊಸದನ್ನು ಉಳಿಸುವ ಒಂದು ಕೆಲಸ ಮಾತ್ರ ಸ್ಥಗಿತವಾಗಿತ್ತು.

ಮದ್ಯ ಆ ಒಂದನ್ನೇ ಹೇಗೆ ನಿಲ್ಲಿಸುತ್ತದೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹಿಪೊಕ್ಯಾಂಪಸ್‌ನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಪಡೆಯುವ ಕೋಶದ ಮೇಲೆ ಅದಕ್ಕಾಗಿ ಎರಡು ಬಗೆಯ ಗ್ರಾಹಕಗಳಿವೆ. ಒಂದು ಬಗೆಯದು ಗ್ಲುಟಮೇಟ್ ತಾಗಿದ ಕೂಡಲೇ ತೆರೆದುಕೊಂಡು ಆ ಕ್ಷಣದ ಸುದ್ದಿಯನ್ನು ಒಳಗೆ ಬಿಡುತ್ತದೆ. ಎನ್‌ಎಂಡಿಎ ಎಂಬ ಇನ್ನೊಂದು ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ. ಅದರ ರಂಧ್ರದಲ್ಲಿ ಮೆಗ್ನೀಸಿಯಂ ಕಣವೊಂದು ಅಡ್ಡ ಕೂತಿರುತ್ತದೆ. ಕೋಶ ಸಾಕಷ್ಟು ಜೋರಾಗಿ ಉದ್ದೀಪನಗೊಂಡಾಗ ಮಾತ್ರ ಆ ಕಣ ಸರಿಯುತ್ತದೆ. ಆಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆ ಕ್ಯಾಲ್ಸಿಯಂ ಒಳಗೆ ಹೋಗಿ ಮಾಡಿಸುವ ಕೆಲಸಗಳಿಂದ ಆ ಎರಡು ಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ, ಮುಂದಿನ ಸಲ ಅದೇ ಸುದ್ದಿ ಸಲೀಸಾಗಿ ದಾಟುತ್ತದೆ. ಒಂದು ಸಂಪರ್ಕ ಹೀಗೆ ಗಂಟೆಗಟ್ಟಲೆ ಗಟ್ಟಿಯಾಗಿ ಉಳಿಯಬಲ್ಲದು ಎಂದು ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ 1973ರಲ್ಲಿ ಮೊಲದ ಹಿಪೊಕ್ಯಾಂಪಸ್‌ನಲ್ಲಿ ತೋರಿಸಿದರು. ನೆನಪು ಹುಟ್ಟುವ ಬಗೆಗೆ ಇಂದಿಗೂ ನಮ್ಮ ಬಳಿ ಇರುವ ಅತ್ಯುತ್ತಮ ವಿವರಣೆ ಇದೇ.

ಮದ್ಯ ಈ ವ್ಯವಸ್ಥೆಗೆ ಎರಡು ಕಡೆಯಿಂದ ಅಡ್ಡ ಬರುತ್ತದೆ. ಎನ್‌ಎಂಡಿಎ ಗ್ರಾಹಕದ ಕೆಲಸವನ್ನು ನೇರವಾಗಿ ಕುಗ್ಗಿಸುವುದು ಒಂದು. ಇನ್ನೊಂದು, ನರಕೋಶಗಳನ್ನು ಸುಮ್ಮನಿರಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸುವುದು. ಕೋಶ ಹೆಚ್ಚು ಸುಮ್ಮನಾದಷ್ಟೂ ಮೆಗ್ನೀಸಿಯಂ ಕಣವನ್ನು ಸರಿಸುವಷ್ಟು ಉದ್ದೀಪನ ಅದಕ್ಕೆ ಸಿಗುವುದಿಲ್ಲ. ಮೊದಲ ಬಗೆಯ ಗ್ರಾಹಕ ಇನ್ನೂ ಒಂದಿಷ್ಟು ಕೆಲಸ ಮಾಡುತ್ತಿರುವುದರಿಂದ ಆ ಕ್ಷಣದ ಸುದ್ದಿ ದಾಟುತ್ತದೆ, ಮನುಷ್ಯ ಮಾತಿಗೆ ಮಾತು ಕೊಡುತ್ತಾನೆ. ಆದರೆ ಸಂಪರ್ಕ ಗಟ್ಟಿಯಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿಯೂ ಗೊತ್ತಾಗಿದೆ. ಮೊದಲು ಹೇಳಿದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೇ ಯುಕಿಟೋಶಿ ಇಝುಮಿ ಮತ್ತು ಚಾರ್ಲ್ಸ್ ಝೊರಮ್ಸ್ಕಿ ಅವರ ತಂಡ 2011ರಲ್ಲಿ ಇಲಿಯ ಹಿಪೊಕ್ಯಾಂಪಸ್ ತುಣುಕುಗಳ ಮೇಲೆ ಕೆಲಸ ಮಾಡಿತು. ಹೆಚ್ಚಿನ ಪ್ರಮಾಣದ ಮದ್ಯ ಬಿದ್ದಾಗ ನರಕೋಶಗಳು ತಾವೇ ಒಂದು ಬಗೆಯ ಸ್ಟೀರಾಯ್ಡ್ ತಯಾರಿಸುತ್ತವೆ, ಆ ಸ್ಟೀರಾಯ್ಡ್ ಗಾಬಾದ ಪರಿಣಾಮವನ್ನು ಇನ್ನಷ್ಟು ಹೆಚ್ಚಿಸಿ ಸಂಪರ್ಕ ಗಟ್ಟಿಯಾಗುವುದನ್ನು ತಡೆಯುತ್ತದೆ ಎಂದು ಅವರು ಕಂಡರು. ಸ್ಟೀರಾಯ್ಡ್ ತಯಾರಾಗದಂತೆ ಔಷಧಿಯಿಂದ ತಡೆದಾಗ, ಮದ್ಯ ಇದ್ದರೂ ಸಂಪರ್ಕ ಗಟ್ಟಿಯಾಯಿತು. ಕೋಶಗಳು ಸತ್ತಿರಲಿಲ್ಲ. ಅಂದರೆ ಒಂದು ಬ್ಲ್ಯಾಕೌಟ್ ಆದರೆ ಮಿದುಳಿನ ಕೋಶಗಳು ಸತ್ತವು ಎಂದು ಅರ್ಥವಲ್ಲ, ಅವುಗಳ ಒಂದು ಕೆಲಸ ಆ ಹೊತ್ತಿಗೆ ನಿಂತಿತ್ತು ಎಂದು ಅರ್ಥ. ಬದುಕಿರುವ ಇಲಿಯಲ್ಲಿ ಆರನ್ ವೈಟ್ ಮತ್ತು ಫಿಲಿಪ್ ಬೆಸ್ಟ್ 2000ದಲ್ಲಿ ಇದಕ್ಕೆ ಹೊಂದುವ ಚಿತ್ರವನ್ನೇ ಕಂಡರು. ಹಿಪೊಕ್ಯಾಂಪಸ್‌ನಲ್ಲಿ ಕೆಲವು ಕೋಶಗಳು ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುತ್ತವೆ. ಮದ್ಯದ ಪ್ರಮಾಣ ಏರಿದಂತೆ ಆ ಮಿಡಿತ ಕುಗ್ಗುತ್ತಾ ಹೋಯಿತು, ಇಲಿ ಮಾತ್ರ ಓಡಾಡುತ್ತಲೇ ಇತ್ತು. ಮದ್ಯ ಇಳಿದ ಮೇಲೆ ಕೋಶಗಳು ಮತ್ತೆ ಮೊದಲಿನಂತೆ ಮಿಡಿದವು.

ಈಗ ನಿಮ್ಮ ತಮ್ಮನ ರಾತ್ರಿಯ ಲೆಕ್ಕ ಹಾಕೋಣ. ಒಂದೂವರೆ ಕ್ವಾರ್ಟರ್ ಅಂದರೆ 270 ಎಂ.ಎಲ್. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ, ಸೀಸೆಯ ಮೇಲೆ ಬರೆದಿರುತ್ತದೆ. ಅಲ್ಲಿಗೆ ಶುದ್ಧ ಆಲ್ಕೋಹಾಲ್ ಸುಮಾರು 115 ಎಂ.ಎಲ್. ಆಯಿತು. ಅದು ನೀರಿಗಿಂತ ಹಗುರ, ಹಾಗಾಗಿ ತೂಕದಲ್ಲಿ ಸುಮಾರು 91 ಗ್ರಾಂ. ಆಲ್ಕೋಹಾಲ್ ದೇಹದ ನೀರಿನಂಶದಲ್ಲಿ ಹರಡಿಕೊಳ್ಳುತ್ತದೆ, ಕೊಬ್ಬಿನಲ್ಲಿ ಬಹಳ ಕಡಿಮೆ. ಹಾಗಾಗಿ ಗಂಡಸರಿಗೆ ದೇಹದ ತೂಕದ ಸುಮಾರು 0.68 ಭಾಗವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. 60 ಕೆ.ಜಿ.ಗೆ ಅದು ಸುಮಾರು 41 ಕೆ.ಜಿ. 91 ಗ್ರಾಂ ಅಷ್ಟರಲ್ಲಿ ಹರಡಿದರೆ 100 ಎಂ.ಎಲ್. ರಕ್ತಕ್ಕೆ ಸುಮಾರು 220 ಮಿಲಿಗ್ರಾಂ. ಯಕೃತ್ತು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಸುತ್ತದೆ. ಕುಡಿಯಲು ಶುರು ಮಾಡಿದ ಒಂದೂವರೆ ಗಂಟೆಗೆ, ಅಂದರೆ ರಾತ್ರಿ ಒಂಬತ್ತೂವರೆಗೆ, ಅವನ ರಕ್ತದಲ್ಲಿ ಸರಿಸುಮಾರು 200 ಮಿಲಿಗ್ರಾಂ ಇದ್ದಿರಬೇಕು. ಮಲಗುವಾಗ 160ರ ಆಸುಪಾಸು.

ಬ್ಲ್ಯಾಕೌಟ್‌ಗಳು ಸಾಮಾನ್ಯವಾಗಿ 160 ಮಿಲಿಗ್ರಾಂನ ಹತ್ತಿರ ಶುರುವಾಗುತ್ತವೆ. ಇನ್ನೂ ಕಡಿಮೆಯಲ್ಲಿ ಆಗುವವರೂ ಇದ್ದಾರೆ, ಇದಕ್ಕಿಂತ ಹೆಚ್ಚಿದ್ದರೂ ಆಗದವರೂ ಇದ್ದಾರೆ. ನಿಮ್ಮ ತಮ್ಮ ಛತ್ರದಲ್ಲಿದ್ದ ಅಷ್ಟೂ ಹೊತ್ತು ಆ ಮಟ್ಟಕ್ಕಿಂತ ಮೇಲೇ ಇದ್ದ. ಈ ಲೆಕ್ಕ ಅಂದಾಜಿನದು, ಮೇಲೆ ಕೆಳಗೆ ಒಂದೈದನೇ ಭಾಗ ವ್ಯತ್ಯಾಸ ಆಗಬಹುದು. ಆದರೂ ಅವನು ಹೇಳುತ್ತಿರುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ.

ಇದೇ ಲೆಕ್ಕದಿಂದ ನಿಮಗೆ ಇನ್ನೊಂದು ವಿಷಯ ತಿಳಿಯಬೇಕು. ಬೆಳಿಗ್ಗೆ ಏಳಕ್ಕೆ ಅವನ ರಕ್ತದಲ್ಲಿ ಇನ್ನೂ ಸುಮಾರು 55 ಮಿಲಿಗ್ರಾಂ ಉಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30. ರಾತ್ರಿ ಬೈಕ್ ಮುಟ್ಟಲಿಲ್ಲ ಎಂದು ಸಮಾಧಾನ ಪಟ್ಟುಕೊಂಡು ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆಂದು ಬೈಕ್ ತೆಗೆದಿದ್ದರೆ ಅವನು ಕಾನೂನಿನ ಪ್ರಕಾರ ಕುಡಿದೇ ಓಡಿಸಿದಂತೆ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಗಂಟೆಗೆ 15ರ ಆ ವೇಗವನ್ನು ಹೆಚ್ಚಿಸುವುದಿಲ್ಲ.

ಪ್ರಮಾಣಕ್ಕಿಂತ ವೇಗದ ಮಾತು ದೊಡ್ಡದು. ಮದ್ಯ ಜಠರದಲ್ಲಿ ನಿಧಾನವಾಗಿ, ಸಣ್ಣ ಕರುಳಿನಲ್ಲಿ ಬೇಗ ರಕ್ತಕ್ಕೆ ಸೇರುತ್ತದೆ. ಊಟ ಮಾಡಿದ್ದರೆ ಜಠರದ ಕೆಳಬಾಗಿಲು ಹೆಚ್ಚು ಹೊತ್ತು ಮುಚ್ಚಿರುತ್ತದೆ, ಮದ್ಯ ಸ್ವಲ್ಪ ಸ್ವಲ್ಪವೇ ಕರುಳಿಗೆ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಆ ತಡೆ ಇಲ್ಲ. ಅದೇ 270 ಎಂ.ಎಲ್. ಅನ್ನು ಊಟದ ಜೊತೆ ನಾಲ್ಕು ಗಂಟೆ ಎಳೆದಿದ್ದರೆ ಅವನ ಗರಿಷ್ಠ ಮಟ್ಟ 160ರ ಕೆಳಗೇ ಉಳಿಯುತ್ತಿತ್ತು. ಕುಡಿತ ಆಗಲೂ ವಿಪರೀತವೇ, ಆದರೆ ಬಹುಶಃ ರಾತ್ರಿ ಹೀಗೆ ಕಾಣೆಯಾಗುತ್ತಿರಲಿಲ್ಲ. ಅಷ್ಟೇ ಅಲ್ಲ, ರಕ್ತದ ಮಟ್ಟ ಏರುತ್ತಿರುವಾಗ ಮಿದುಳಿಗೆ ಬೀಳುವ ಪೆಟ್ಟು, ಅದೇ ಮಟ್ಟ ಇಳಿಯುತ್ತಿರುವಾಗ ಬೀಳುವುದಕ್ಕಿಂತ ಹೆಚ್ಚು. ಮಿದುಳಿಗೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ. ಆರತಕ್ಷತೆಗೆ ಹೊತ್ತಾಯಿತು ಎಂದು ಗಡಿಬಿಡಿಯಲ್ಲಿ ಕುಡಿದದ್ದೇ ಇಲ್ಲಿ ನಿರ್ಣಾಯಕ ಎಂಬುದು ನನ್ನ ಅಭಿಪ್ರಾಯ.

ಹೆಣ್ಣುಮಕ್ಕಳ ದೇಹದಲ್ಲಿ ತೂಕಕ್ಕೆ ಹೋಲಿಸಿದರೆ ನೀರಿನಂಶ ಕಡಿಮೆ. 50 ಕೆ.ಜಿ. ತೂಕದ ಹೆಣ್ಣುಮಗಳು ಒಂದೇ ಕ್ವಾರ್ಟರ್ ಕುಡಿದರೂ ಲೆಕ್ಕ ಅದೇ 220ಕ್ಕೆ ಬಂದು ನಿಲ್ಲುತ್ತದೆ. ಗಂಡಸರಿಗೆ ಸಮವಾಗಿ ಪೆಗ್ ಹಾಕಿಕೊಂಡ ಹೆಣ್ಣುಮಕ್ಕಳಿಗೆ ಬೇಗ ಬ್ಲ್ಯಾಕೌಟ್ ಆಗುವುದು ಈ ಕಾರಣದಿಂದ, ಮನೋಬಲ ಕಡಿಮೆ ಎಂದಲ್ಲ.

200 ಮಿಲಿಗ್ರಾಂ ಇದ್ದವನು ತೊದಲದೆ, ತಟ್ಟಾಡದೆ ಇದ್ದದ್ದು ಹೇಗೆ ಎಂದು ನಿಮಗೆ ಅನಿಸಬಹುದು. ಆಗಾಗ ಕುಡಿಯುವವರಲ್ಲಿ ನಡಿಗೆ, ಮಾತು ಇವು ಮದ್ಯಕ್ಕೆ ಒಗ್ಗಿಕೊಳ್ಳುತ್ತವೆ. ನೆನಪು ಅಷ್ಟರ ಮಟ್ಟಿಗೆ ಒಗ್ಗುವುದಿಲ್ಲ. ಹಾಗಾಗಿ ‘ಅವನು ಸ್ಟೆಡಿಯಾಗಿಯೇ ಇದ್ದ’ ಎಂದು ಗೆಳೆಯರು ಹೇಳಿದರೆ ಅದು ಅವನ ಮಾತು ಸುಳ್ಳು ಎಂಬುದಕ್ಕೆ ಸಾಕ್ಷಿಯಲ್ಲ. ಇಷ್ಟು ಕುಡಿದು ಸ್ಟೆಡಿಯಾಗಿದ್ದ ಎಂದರೆ ಇದು ಅವನ ಮೊದಲನೇ ಸಲ ಅಲ್ಲ ಎಂಬುದಕ್ಕೆ ಸೂಚನೆ. ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಫೋಟೋ ಮಾತ್ರ ಏಕೆ ಉಳಿಯಿತು? ಬ್ಲ್ಯಾಕೌಟ್ ಎರಡು ಬಗೆ. ಒಂದರಲ್ಲಿ ಇಡೀ ಅವಧಿಯೇ ಇಲ್ಲವಾಗುತ್ತದೆ. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು ತುಣುಕು ಉಳಿಯುತ್ತದೆ. ಎರಡನೆಯದೇ ಹೆಚ್ಚು ಸಾಮಾನ್ಯ. ಮದ್ಯದ ಮಟ್ಟ ಹಿಪೊಕ್ಯಾಂಪಸ್‌ ಅನ್ನು ಪೂರ್ತಿ ನಿಲ್ಲಿಸದೆ ಕುಂಟಿಸಿದಾಗ ಕೆಲವು ಕ್ಷಣ ದಾಖಲಾಗುತ್ತವೆ, ಉಳಿದವು ಆಗುವುದಿಲ್ಲ. ನಿಮ್ಮ ತಮ್ಮನ ರಾತ್ರಿಯಲ್ಲಿ ಎರಡೂ ಇದ್ದಂತಿದೆ. ಮಟ್ಟ ಏರುತ್ತಿದ್ದಾಗ, ಛತ್ರಕ್ಕೆ ಬಂದ ಹೊಸದರಲ್ಲಿ ಫೋಟೋ ತೆಗೆಸಿಕೊಂಡಿದ್ದರೆ ಆ ಕ್ಷಣ ಸಿಕ್ಕಿದೆ, ಆಮೇಲಿನದು ಸಿಕ್ಕಿಲ್ಲ. ಫೋಟೋದಲ್ಲಿ ಸಮಯ ದಾಖಲಾಗಿರುತ್ತದೆ, ಬೇಕಾದರೆ ನೋಡಿ.

ತುಣುಕು ಉಳಿದ ಕಡೆ ಸುಳಿವು ಕೊಟ್ಟರೆ ಅಕ್ಕಪಕ್ಕದ ನೆನಪು ಬರುವುದುಂಟು. ಆದರೆ ಇದನ್ನು ಮಾಡುವ ರೀತಿಯಲ್ಲಿ ಎಚ್ಚರ ಬೇಕು. ಖಾಲಿ ಜಾಗ ಕಂಡರೆ ಮಿದುಳು ಅದನ್ನು ತುಂಬಲು ನೋಡುತ್ತದೆ. ‘ನೀನು ಅಪ್ಪನ ಕೈ ಹಿಡಿದು ತಳ್ಳಿದೆ’ ಎಂದು ನಾಲ್ಕು ಜನ ನಾಲ್ಕು ಸಲ ಹೇಳಿದರೆ, ವಾರ ಕಳೆಯುವುದರೊಳಗೆ ಅದು ಅವನಿಗೆ ಕಣ್ಣಾರೆ ಕಂಡ ನೆನಪಿನಂತೆ ಅನಿಸತೊಡಗಬಹುದು. ಹೇಳಿದವರು ತಪ್ಪಾಗಿ ಹೇಳಿದ್ದರೂ ಹಾಗೆಯೇ ಅನಿಸುತ್ತದೆ. ಆದ್ದರಿಂದ ಮೊದಲು ಅವನಿಗೆ ನಿಜವಾಗಿ ನೆನಪಿರುವುದನ್ನು ಅವನೇ ಒಂದು ಹಾಳೆಯಲ್ಲಿ ಬರೆಯಲಿ. ಆಮೇಲೆ ಫೋಟೋ, ಕಾಲ್ ಲಿಸ್ಟ್, ವಾಟ್ಸ್ಆ್ಯಪ್ ಸಂದೇಶಗಳನ್ನು ಸಮಯದ ಕ್ರಮದಲ್ಲಿ ತೋರಿಸಿ, ‘ಇದಾದ ಮೇಲೆ ಏನಾಯಿತು’ ಎಂದಷ್ಟೇ ಕೇಳಿ. ಜನ ಹೇಳಿದ್ದನ್ನು ಕೊನೆಗೆ, ಬೇರೆ ಕಡೆ ಬರೆದಿಡಿ. ಮತ್ತೆ ಅಷ್ಟೇ ಕುಡಿದರೆ ನೆನಪಾಗುತ್ತದೆ ಎಂದು ಗೆಳೆಯರು ಹೇಳಬಹುದು. ಅಮಲಿನಲ್ಲಿ ಕಲಿತದ್ದು ಅಮಲಿನಲ್ಲಿ ತುಸು ಸುಲಭವಾಗಿ ನೆನಪಾಗುತ್ತದೆ ಎಂದು ಇದೇ ಗುಡ್ವಿನ್ 1969ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ತೋರಿಸಿದ್ದು ನಿಜ. ಆದರೆ ಅದು ದಾಖಲಾದ ನೆನಪಿನ ಮಾತು. ದಾಖಲೇ ಆಗದ್ದನ್ನು ಎಷ್ಟು ಕುಡಿದರೂ ತರಲಾಗದು.

ಮದ್ಯ ಹಿಂದಕ್ಕೆ ಹೋಗಿ ಅಳಿಸುವುದಿಲ್ಲ ಎಂಬುದನ್ನೂ ಗಮನಿಸಿ. ಕುಡಿಯುವುದಕ್ಕೆ ಮುಂಚಿನದೆಲ್ಲ ಹಾಗೇ ಇರುತ್ತದೆ. ಕುಡಿಯುವುದಕ್ಕೆ ಸ್ವಲ್ಪ ಮುಂಚೆ ಓದಿದ್ದು, ಕುಡಿಯದೆ ಇದ್ದವರಿಗಿಂತ ತುಸು ಚೆನ್ನಾಗಿಯೇ ನೆನಪಿರುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಆಮೇಲೆ ಹೊಸದೇನೂ ಬಂದು ಸೇರದ ಕಾರಣ ಹಳೆಯದಕ್ಕೆ ಗೊಂದಲ ಕಡಿಮೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ನಿಜವನ್ನು ನಾಟಕದಿಂದ ಬೇರ್ಪಡಿಸಲು ಇದು ಉಪಯೋಗಕ್ಕೆ ಬರುತ್ತದೆ. ಬ್ಲ್ಯಾಕೌಟ್‌ನ ನಿಜವಾದ ಕಥೆಯಲ್ಲಿ ಮೊದಲ ಪೆಗ್ಗು, ಕೂತ ಜಾಗ, ಯಾರು ಹಾಕಿಕೊಟ್ಟರು ಎನ್ನುವುದು ಸ್ಪಷ್ಟವಾಗಿರುತ್ತದೆ. ನಂತರ ಮಸುಕಾಗುತ್ತದೆ, ಅಲ್ಲಲ್ಲಿ ತುಣುಕು, ಆಮೇಲೆ ಇಲ್ಲ. ತುಣುಕುಗಳು ಯಾವುವು ಎಂಬುದಕ್ಕೂ ಅವನಿಗೆ ಅನುಕೂಲವೋ ಅಲ್ಲವೋ ಎಂಬುದಕ್ಕೂ ಸಂಬಂಧ ಇರುವುದಿಲ್ಲ. ಮಾಡಿದ ತಪ್ಪೊಂದೇ ಮರೆತು ಅದರ ಹಿಂದೆ ಮುಂದೆ ನಿಮಿಷ ನಿಮಿಷವೂ ನೆನಪಿದ್ದರೆ, ಅಥವಾ ಎರಡು ಪೆಗ್ಗಿಗೇ ಎಲ್ಲ ಮರೆಯಿತು ಎಂದರೆ ಅನುಮಾನ ಪಡಬಹುದು. ಯಾವ ರಕ್ತಪರೀಕ್ಷೆಯೂ ಸ್ಕ್ಯಾನೂ ಆ ರಾತ್ರಿ ನೆನಪು ದಾಖಲಾಯಿತೋ ಇಲ್ಲವೋ ಎಂದು ಆಮೇಲೆ ಹೇಳಲಾರದು.

ಆ ಹೊತ್ತಿನಲ್ಲೇ ಪತ್ತೆ ಮಾಡುವುದು ಇದಕ್ಕಿಂತ ಸುಲಭ. ಹೇಳಿದ್ದನ್ನೇ ಹೇಳುತ್ತಿದ್ದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ ಬ್ಲ್ಯಾಕೌಟ್ ಶುರುವಾಗಿರಬಹುದು. ಒಂದು ಸರಳ ಸಂಗತಿ ಹೇಳಿ, ಉದಾಹರಣೆಗೆ ‘ಚಿಕ್ಕಪ್ಪ ನಾಳೆ ಶಿವಮೊಗ್ಗಕ್ಕೆ ಹೋಗ್ತಾರಂತೆ’. ಬೇರೆ ಮಾತಾಡಿ ಕಾಲು ಗಂಟೆ, ಇಪ್ಪತ್ತು ನಿಮಿಷ ಬಿಟ್ಟು ಕೇಳಿ. ಒಂದು ನಿಮಿಷಕ್ಕೇ ಕೇಳಿದರೆ ಪ್ರಯೋಜನವಿಲ್ಲ, ಸರಿಯಾಗಿಯೇ ಹೇಳುತ್ತಾನೆ. ನೆನಪಿಲ್ಲ ಎಂದರೆ ಇನ್ನು ಕುಡಿಯಲು ಬಿಡಬೇಡಿ, ಗಾಡಿ ಕೀ ತೆಗೆದುಕೊಳ್ಳಿ, ದುಡ್ಡಿನ ಮಾತು ಆಡಬೇಡಿ, ಒಬ್ಬನೇ ಮಲಗಲು ಕಳಿಸಬೇಡಿ. ಮಲಗಿದರೆ ಒಂದು ಪಕ್ಕಕ್ಕೆ ವಾಲಿಸಿ ಮಲಗಿಸಿ, ವಾಂತಿಯಾದರೆ ಉಸಿರಿನ ದಾರಿಗೆ ಹೋಗದಿರಲಿ. ಕುಡಿತ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ರಕ್ತದ ಮಟ್ಟ ಏರುತ್ತಲೇ ಇರುತ್ತದೆ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ ಬಂದರೆ ಅದು ಬ್ಲ್ಯಾಕೌಟ್ ಅಲ್ಲ, ಮದ್ಯದ ವಿಷಪ್ರಭಾವ. 108ಕ್ಕೆ ಕರೆ ಮಾಡಿ.

ಮನೆಯವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ನೆನಪಿಲ್ಲ ಅಂದರೆ ತಾನು ಏನು ಮಾಡುತ್ತಿದ್ದೇನೆ ಎಂದು ಆಗ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎದುರಿಗಿರುವವರು ಅಪ್ಪ ಎಂದು ತಿಳಿದೇ ಜಗಳ ಆಡಿದ್ದಾನೆ. ಮದ್ಯ ಅವನ ವಿವೇಕವನ್ನೂ ತಗ್ಗಿಸಿತ್ತು, ಅದು ಮಿದುಳಿನ ಮುಂಭಾಗದ ಮೇಲಿನ ಪರಿಣಾಮ, ನೆನಪಿನ ಪರಿಣಾಮದಿಂದ ಬೇರೆಯದು. ಬೆಳಿಗ್ಗೆ ನೆನಪಿಲ್ಲದಿರುವುದು ರಾತ್ರಿಯ ಅರಿವನ್ನು ಸುಳ್ಳು ಮಾಡುವುದಿಲ್ಲ. ಕಾನೂನು ಕೂಡ ತಾನಾಗಿ ಕುಡಿದವನಿಗೆ ಈ ವಿಷಯದಲ್ಲಿ ವಿನಾಯಿತಿ ಕೊಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 23ನೇ ಕಲಂನ ರಕ್ಷಣೆ ಇರುವುದು ತನಗೆ ಗೊತ್ತಿಲ್ಲದೆ ಅಥವಾ ತನ್ನ ಇಚ್ಛೆಗೆ ವಿರುದ್ಧವಾಗಿ ಅಮಲೇರಿಸಲ್ಪಟ್ಟವರಿಗೆ. ಹಾಗಾಗಿ ಅವನು ಅಪ್ಪನ ಹತ್ತಿರ ಕ್ಷಮೆ ಕೇಳಬೇಕಾದದ್ದು ನ್ಯಾಯವೇ. ಅವನಿಂದ ವಿವರಣೆ ಮಾತ್ರ ನಿರೀಕ್ಷಿಸಬೇಡಿ, ಕೊಡಲು ಅವನ ಬಳಿ ಇಲ್ಲ.

ಬೇರೆ ಕಾರಣಗಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದೂ ಮುಖ್ಯ. ನಿದ್ದೆ ಮಾತ್ರೆ ಅಥವಾ ಗಾಬರಿಗೆ ಕೊಡುವ ಆಲ್ಪ್ರಾಜೊಲಾಂ, ಡಯಾಜೆಪಾಂನಂಥ ಮಾತ್ರೆ ತೆಗೆದುಕೊಳ್ಳುತ್ತಾನೆಯೇ ಕೇಳಿ. ಅವು ಕೂಡ ಗಾಬಾದ ಪರಿಣಾಮವನ್ನೇ ಹೆಚ್ಚಿಸುವುದರಿಂದ ಒಂದೆರಡು ಪೆಗ್ಗಿಗೇ ನೆನಪು ನಿಲ್ಲಬಹುದು, ಉಸಿರಾಟವೂ ಕುಗ್ಗಬಹುದು. ತಲೆಗೆ ಪೆಟ್ಟು ಬಿದ್ದಿದೆಯೇ ನೋಡಿ. ಕುಡಿಯುವುದಕ್ಕೆ ಮುಂಚಿನದೂ ನೆನಪಿಲ್ಲ ಎಂದರೆ, ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕುಡಿಯದ ದಿನಗಳಲ್ಲೂ ಹೊಸ ವಿಷಯ ತಲೆಯಲ್ಲಿ ನಿಲ್ಲುತ್ತಿಲ್ಲ, ನಡಿಗೆ ತಟ್ಟಾಡುತ್ತದೆ, ಕಣ್ಣು ಅದುರುತ್ತದೆ ಎಂದಾದರೆ ಅದು ಬಿ1 ಜೀವಸತ್ವದ ಕೊರತೆಯಿಂದ ಬರುವ ಬೇರೆ ಕಾಯಿಲೆ. ಬ್ಲ್ಯಾಕೌಟ್‌ನಂತೆ ಅದು ತಾನಾಗಿ ಇಳಿಯುವುದಿಲ್ಲ. ಬೇಗ ಇಂಜೆಕ್ಷನ್ ಬೀಳದಿದ್ದರೆ ನೆನಪಿನ ಶಕ್ತಿಗೆ ಶಾಶ್ವತ ಹಾನಿಯಾಗುತ್ತದೆ.

ಒಂದು ಸಲ ಹೀಗಾಯಿತು ಎಂದ ಮಾತ್ರಕ್ಕೆ ಅವನು ಮದ್ಯವ್ಯಸನಿ ಎಂದು ತೀರ್ಮಾನಿಸಬೇಡಿ. 1940ರ ದಶಕದಲ್ಲಿ ಇ. ಎಂ. ಜೆಲಿನೆಕ್ ಬ್ಲ್ಯಾಕೌಟನ್ನು ವ್ಯಸನದ ಮೊದಲ ಲಕ್ಷಣ ಎಂದಿದ್ದರು. 2002ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿದಾಗ ಕುಡಿದು ಬಲ್ಲವರಲ್ಲಿ ಸುಮಾರು ಅರ್ಧದಷ್ಟು ಜನ ಒಮ್ಮೆಯಾದರೂ ಆಗಿದೆ ಎಂದರು. ಹಾಗಾಗಿ ಆದದ್ದೇ ಲಕ್ಷಣ ಅಲ್ಲ, ಎಷ್ಟು ಸಲ ಆಗುತ್ತಿದೆ ಎಂಬುದನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಎಂಟನೆಯದು ಇದೇ: ಕಳೆದ ಒಂದು ವರ್ಷದಲ್ಲಿ, ಕುಡಿದ ಕಾರಣದಿಂದ ಹಿಂದಿನ ರಾತ್ರಿ ನಡೆದದ್ದು ನೆನಪಿಗೆ ಬಾರದೆ ಹೋದದ್ದು ಎಷ್ಟು ಸಲ? ಆಗಿಲ್ಲ ಎಂದರೆ ಸೊನ್ನೆ, ತಿಂಗಳಿಗೊಮ್ಮೆಗಿಂತ ಕಡಿಮೆ ಎಂದರೆ 1, ತಿಂಗಳಿಗೊಮ್ಮೆ 2, ವಾರಕ್ಕೊಮ್ಮೆ 3, ಹೆಚ್ಚುಕಡಿಮೆ ದಿನವೂ ಎಂದರೆ 4 ಅಂಕ. ಹತ್ತೂ ಪ್ರಶ್ನೆಗಳ ಮೊತ್ತ 8 ಅಥವಾ ಹೆಚ್ಚಾದರೆ ಕುಡಿತ ಅಪಾಯದ ಹಂತದಲ್ಲಿದೆ ಎಂದು ಎಣಿಸುತ್ತೇವೆ. ಅವನು ಶಾಂತವಾಗಿರುವ ಹೊತ್ತು ನೋಡಿ ಈ ಪಟ್ಟಿಯನ್ನು ಅವನ ಕೈಗೇ ಕೊಡಿ, ನೀವು ಉತ್ತರ ತುಂಬಬೇಡಿ.

ಮೊತ್ತ 8 ಅಥವಾ ಹೆಚ್ಚು ಬಂದರೆ ಹತ್ತಿರದ ಮನೋವೈದ್ಯರನ್ನು ಕಾಣಬಹುದು, ಬೆಂಗಳೂರಿಗೆ ಬರುವಂತಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ, ಫೋನಿನಲ್ಲಿ ಕನ್ನಡದಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್ 14416. ಅವನು ದಿನವೂ ಕುಡಿಯುವವನು ಎಂದು ತಿಳಿದುಬಂದರೆ, ಸಿಟ್ಟಿನಲ್ಲಿ ಒಂದೇ ದಿನಕ್ಕೆ ಪೂರ್ತಿ ಬಿಡಿಸಲು ಹೋಗಬೇಡಿ. ಮೂರ್ಛೆ, ಮತಿಭ್ರಮೆ ಬರುವ ಅಪಾಯವಿದೆ. ಬಿಡಿಸುವುದನ್ನು ವೈದ್ಯರ ನಿಗಾದಲ್ಲೇ ಮಾಡಿ.